ಚಾಲಿ ಗೊತ್ತಿಲ್ಲದ ಹುಡುಗಿಗೆ ಐದು ಅಂಕ

ಎಂಟನೇ ತರಗತಿಗೆ ಶೇಕಡಾ ಪಾಠ ಮುಗಿಸಿದ ಮೇಲೆ ಇಪ್ಪತ್ತು ಅಂಕಗಳ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಒಂದೊಂದು ಅಂಕದ ಇಪ್ಪತ್ತು ಲೆಕ್ಕ. ಪ್ರಶ್ನೆಪತ್ರಿಕೆ ನನ್ನದಲ್ಲ. ಶಿರಸಿ ಕಡೆಯ ಗೆಳತಿಯೊಬ್ಬಳು ತನ್ನ ಶಾಲೆಗೆ ಮಾಡಿಕೊಂಡಿದ್ದನ್ನು ಕಳಿಸಿದ್ದಳು. ಚೆನ್ನಾಗಿದೆ ಅನಿಸಿತು, ಹಾಗೇ ಜೆರಾಕ್ಸ್ ಮಾಡಿಸಿ ಹಂಚಿದೆ. ನಮ್ಮ ಶಾಲೆ ಇರುವುದು ಕಾರವಾರದ ಹತ್ತಿರ, ಕಡಲಂಚಿನಲ್ಲಿ. ಈ ವ್ಯತ್ಯಾಸ ಆಗ ನನ್ನ ತಲೆಗೆ ಬರಲಿಲ್ಲ.

ಉತ್ತರ ತಿದ್ದುವಾಗ ಒಂದು ಪೇಪರಿನ ಹತ್ತಿರ ಕೈ ನಿಂತಿತು. ಇಪ್ಪತ್ತಕ್ಕೆ ಐದು. ಆ ಹುಡುಗಿಯ ತಾಯಿ ಮೀನು ಮಾರುತ್ತಾರೆ. ರಜೆಯ ದಿನ ಇವಳೂ ಪಕ್ಕದಲ್ಲಿ ಕೂತಿರುತ್ತಾಳೆ. ಚಿಲ್ಲರೆ ಲೆಕ್ಕ ಹಾಕುವುದರಲ್ಲಿ ನನಗಿಂತ ಚುರುಕು. ಅವಳಿಗೆ ಐದು ಅಂದರೆ ಎರಡೇ ಸಾಧ್ಯತೆ: ಅವಳಿಗೆ ಶೇಕಡಾ ಬರುವುದಿಲ್ಲ, ಇಲ್ಲವೇ ನನ್ನ ಪರೀಕ್ಷೆಯಲ್ಲಿ ಏನೋ ಎಡವಟ್ಟಿದೆ. ಯಾವುದು ಅಂತ ತಿಳಿಯುವುದು ಹೇಗೆ?

ಬಿ.ಎಡ್. ಓದಿದವರಿಗೆ ಎರಡು ಪದ ನೆನಪಿರುತ್ತದೆ, ವಿಶ್ವಾಸಾರ್ಹತೆ ಮತ್ತು ಸಿಂಧುತ್ವ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಆಮೇಲೆ ಬಿಟ್ಟುಬಿಡುವ ಪದಗಳು. ಇದೇ ಪರೀಕ್ಷೆಯನ್ನು ಇಂಥದೇ ಬೇರೆ ಪ್ರಶ್ನೆಗಳಿಂದ ಮತ್ತೆ ಮಾಡಿದರೆ ಮಕ್ಕಳು ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ನಿಲ್ಲುತ್ತಾರಾ? ಇದು ವಿಶ್ವಾಸಾರ್ಹತೆಯ ಪ್ರಶ್ನೆ. ಅಂಕ ನೋಡಿ ನಾನು ಆಡುವ ಮಾತು, ಅಂದರೆ 'ಇವಳಿಗೆ ಶೇಕಡಾ ಬರುವುದಿಲ್ಲ' ಅನ್ನುವ ಮಾತು, ನಿಜವಾ? ಇದು ಸಿಂಧುತ್ವದ ಪ್ರಶ್ನೆ. ಎರಡೂ ಒಂದೇ ಅಲ್ಲ. ಎಷ್ಟು ಬೇರೆ ಅನ್ನುವುದು ನನಗೆ ಗೊತ್ತಾಗಿದ್ದು ಈ ಒಂದು ಪರೀಕ್ಷೆಯಿಂದ.

ಮೊದಲು ವಿಶ್ವಾಸಾರ್ಹತೆ ನೋಡಿದೆ. ಮಕ್ಕಳನ್ನು ಎರಡು ಸಲ ಪರೀಕ್ಷೆಗೆ ಕೂರಿಸಬೇಕಿಲ್ಲ. ಒಂದೇ ಪರೀಕ್ಷೆಯನ್ನು ಎರಡು ಮಾಡಿಕೊಂಡರಾಯಿತು. 1, 3, 5 ಹೀಗೆ ಬೆಸ ಸಂಖ್ಯೆಯ ಪ್ರಶ್ನೆಗಳ ಅಂಕ ಒಂದು ಕಡೆ, 2, 4, 6 ಹೀಗೆ ಸಮ ಸಂಖ್ಯೆಯವು ಇನ್ನೊಂದು ಕಡೆ. ಒಂದು ಮಗುವಿಗೆ ವಿಷಯ ಎಷ್ಟು ಗೊತ್ತಿದೆಯೋ ಅದು ಎರಡೂ ಕಡೆ ಒಂದೇ ತರಹ ಕಾಣಬೇಕು. ಹಾಗೆ ಕಾಣದಿದ್ದರೆ ಆ ವ್ಯತ್ಯಾಸ ಅದೃಷ್ಟದ್ದು: ಒಂದು ಊಹೆ ಸರಿಯಾಯಿತು, ಒಂದು ಕಡೆ ಸೊನ್ನೆ ಬರೆಯಲು ಮರೆಯಿತು, ಅಂಥದ್ದು.

ಹೇಗೆ ಅಂತ ತೋರಿಸಲು ಹತ್ತು ಮಕ್ಕಳ ಅಂಕ ಇಲ್ಲಿ ಕೊಡುತ್ತೇನೆ. ಮೊದಲಿನದು ಬೆಸ, ಎರಡನೆಯದು ಸಮ: 9–8, 8–8, 7–5, 6–7, 6–4, 4–5, 3–5, 3–4, 3–2, 1–2. ಒಟ್ಟು ಅಂಕಗಳು 17, 16, 12, 13, 10, 9, 8, 7, 5, 3. ಸರಾಸರಿ ಸರಿಯಾಗಿ 10. ನಮ್ಮ ಹುಡುಗಿ 3–2.

ಈಗ ಒಟ್ಟು ಅಂಕಗಳು ಎಷ್ಟು ಹರಡಿಕೊಂಡಿವೆ ನೋಡೋಣ. ಪ್ರತಿ ಅಂಕ ಸರಾಸರಿಯಿಂದ ಎಷ್ಟು ದೂರವೋ ಅದರ ವರ್ಗ ತೆಗೆದು, ಎಲ್ಲ ಕೂಡಿಸಿ, ಹತ್ತರಿಂದ ಭಾಗಿಸಬೇಕು. 186ನ್ನು 10ರಿಂದ ಭಾಗಿಸಿದರೆ 18.6. ಇದೇ ಕೆಲಸವನ್ನು ಬೆಸ–ಸಮ ವ್ಯತ್ಯಾಸಕ್ಕೂ ಮಾಡಬೇಕು. ವ್ಯತ್ಯಾಸಗಳು 1, 0, 2, −1, 2, −1, −2, −1, 1, −1. ಇವುಗಳ ಸರಾಸರಿ ಸೊನ್ನೆ, ವರ್ಗಗಳ ಮೊತ್ತ 18, ಹರಡಿಕೆ 1.8. ಅಂದರೆ ಒಟ್ಟು 18.6ರಲ್ಲಿ ಅದೃಷ್ಟದ ಪಾಲು ಬರೀ 1.8, ಸುಮಾರು ಹತ್ತರಲ್ಲಿ ಒಂದು.

```
ವಿಶ್ವಾಸಾರ್ಹತೆ = 1 − (1.8 ÷ 18.6) = 0.90
```

ಈ ಸೂತ್ರವನ್ನು 1939ರಲ್ಲಿ ಪ್ರಕಟಿಸಿದವರು ಅಮೆರಿಕದ ಫಿಲಿಪ್ ರುಲಾನ್. ಕಂಪ್ಯೂಟರ್ ಬೇಡ, ಹಾಳೆ ಪೆನ್ನು ಸಾಕು ಅನ್ನುವ ಕಾರಣಕ್ಕೆ ನನಗೆ ಇಷ್ಟ. ಇದರಿಂದ ಇನ್ನೊಂದು ಲಾಭವೂ ಇದೆ. ಆ 1.8ರ ವರ್ಗಮೂಲ ತೆಗೆದರೆ ಸುಮಾರು 1.3 ಬರುತ್ತದೆ. ಒಂದು ಮಗುವಿನ ಅಂಕ ಬರೀ ಅದೃಷ್ಟದಿಂದ ಆಚೆ ಈಚೆ ಓಲಾಡುವುದು ಸಾಮಾನ್ಯವಾಗಿ ಇಷ್ಟು. ಅಂದಮೇಲೆ 9 ಬಂದವನಿಗಿಂತ 10 ಬಂದವನು ಜಾಣ ಅನ್ನುವ ಹಾಗಿಲ್ಲ. ಆದರೆ 5ಕ್ಕೂ 12ಕ್ಕೂ ಇರುವ ಅಂತರವನ್ನು ಅದೃಷ್ಟದ ಮೇಲೆ ಹಾಕುವ ಹಾಗೂ ಇಲ್ಲ.

ಬೆಸ–ಸಮ ಬಿಟ್ಟು ಮೊದಲ ಹತ್ತು, ಕೊನೆಯ ಹತ್ತು ಅಂತ ಒಡೆಯಬೇಡಿ. ಕೊನೆಯ ಪ್ರಶ್ನೆಗಳು ಸಾಮಾನ್ಯವಾಗಿ ಕಷ್ಟದವು, ಅಷ್ಟು ಹೊತ್ತಿಗೆ ಮಕ್ಕಳೂ ದಣಿದಿರುತ್ತಾರೆ. ಸಮಯ ಸಾಲದ ಪರೀಕ್ಷೆಗೆ ಬೆಸ–ಸಮವೂ ಮೋಸ ಮಾಡುತ್ತದೆ. ಹದಿನಾಲ್ಕರಲ್ಲೇ ಗಂಟೆ ಹೊಡೆದರೆ ಉಳಿದ ಆರರಲ್ಲಿ ಮೂರು ಬೆಸ, ಮೂರು ಸಮ, ಎರಡೂ ಕಡೆ ಸಮನಾಗಿ ಸೊನ್ನೆ. ಎರಡೂ ಹೊಂದಿಕೆಯಾಗಿ ಕಾಣುತ್ತವೆ, ಸಂಖ್ಯೆ ಸುಳ್ಳೇ ಮೇಲೇರುತ್ತದೆ. ನಮ್ಮ ಮಕ್ಕಳಿಗೆ ಸಮಯ ಸಾಕಾಗಿತ್ತು, ಅದನ್ನು ಪೇಪರ್ ತಿರುವಿ ನೋಡಿಕೊಂಡೆ. ಮತ್ತೆ, ಹತ್ತು ಮಕ್ಕಳು ತೀರಾ ಕಡಿಮೆ. ಇಡೀ ತರಗತಿ, ಸಾಧ್ಯವಾದರೆ ಎರಡು ವಿಭಾಗ ಸೇರಿಸಿ ಮಾಡುವುದು ಒಳ್ಳೆಯದು. ದೀರ್ಘ ಉತ್ತರದ ಪ್ರಶ್ನೆಗಳಿದ್ದರೆ ತಿದ್ದುವವರ ಕೈಯನ್ನೂ ಪರೀಕ್ಷಿಸಬೇಕು. ಹತ್ತು ಪೇಪರಿನ ಹೆಸರು, ಅಂಕ ಎರಡನ್ನೂ ಮುಚ್ಚಿ ಎರಡು ವಾರ ಬಿಟ್ಟು ತಾವೇ ಇನ್ನೊಮ್ಮೆ ತಿದ್ದಿ ನೋಡಲಿ.

0.90 ಅಂದರೆ ಒಂದು ಕಿರುಪರೀಕ್ಷೆಗೆ ತುಂಬಾ ಒಳ್ಳೆಯ ಸಂಖ್ಯೆ. ಹಾಗಾದರೆ ಆ ಐದು ಅಂಕ ಆಕಸ್ಮಿಕ ಅಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಅವಳನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತಿದ್ದೆ.

ಹೋಗಲಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಅವಳನ್ನು ಕೂರಿಸಿಕೊಂಡು, 'ಈ ಲೆಕ್ಕ ಜೋರಾಗಿ ಓದು, ಏನು ಕೇಳಿದ್ದಾರೆ ಅಂತ ನಿನ್ನ ಮಾತಲ್ಲಿ ಹೇಳು' ಅಂದೆ. ಲೆಕ್ಕ ಹೀಗಿತ್ತು: ಒಬ್ಬ ಬೆಳೆಗಾರ 3 ಕ್ವಿಂಟಾಲ್ ಚಾಲಿಯನ್ನು ಕ್ವಿಂಟಾಲಿಗೆ 40,000 ರೂಪಾಯಿಯಂತೆ ಟೆಂಡರಿನಲ್ಲಿ ಮಾರಿದನು. ಶೇ. 2 ದಲ್ಲಾಳಿ ಕಳೆದು ಅವನ ಕೈಗೆ ಬಂದ ಹಣವೆಷ್ಟು?

ಅವಳು ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, 'ಅಕ್ಕೋರೆ, ದಲ್ಲಾಳಿ ಅಂದ್ರೆ ಮನುಷ್ಯ ಅಲ್ವಾ? ಮನುಷ್ಯನ್ನ ಕಳೆಯೋದು ಹೇಗೆ?'

ಚಾಲಿ ಅಂದರೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದ ಅಡಿಕೆ ಅಂತ ಅವಳಿಗೆ ಗೊತ್ತಿಲ್ಲ. ಅವಳ ಮನೆಮಾತು ಕೊಂಕಣಿ, ಮನೆಯಲ್ಲಿ ಅಡಿಕೆಯ ಮಾತೇ ಇಲ್ಲ. ಕ್ವಿಂಟಾಲ್ ಅಂದರೆ ನೂರು ಕೆ.ಜಿ. ಅಂತ ಪಾಠದಲ್ಲಿ ಓದಿದ್ದು ನೆನಪಿತ್ತು. ಹಾಗಾಗಿ ಮೂರನ್ನು ಮುನ್ನೂರು ಮಾಡಿ 40,000ದಿಂದ ಗುಣಿಸಿಬಿಟ್ಟಿದ್ದಳು. ಶೇಕಡಾ ಲೆಕ್ಕದ ಬಾಗಿಲವರೆಗೆ ಅವಳು ಬಂದೇ ಇರಲಿಲ್ಲ.

ನಾನು ಬಾಯಲ್ಲೇ ಕೇಳಿದೆ: ಮೂರು ಬುಟ್ಟಿ ಬಂಗಡೆ, ಬುಟ್ಟಿಗೆ 4,000. ಲಿಲಾವು ಕೂಗಿದವರು ನೂರಕ್ಕೆ ಎರಡು ರೂಪಾಯಿ ಹಿಡಿದುಕೊಳ್ಳುತ್ತಾರೆ. ಕೈಗೆಷ್ಟು? ಪೆನ್ನು ಮುಟ್ಟಲಿಲ್ಲ. 'ಹನ್ನೆರಡು ಸಾವಿರಕ್ಕೆ ಇನ್ನೂರ ನಲವತ್ತು ಹೋಯ್ತು, ಹನ್ನೊಂದು ಸಾವಿರದ ಏಳುನೂರ ಅರವತ್ತು.'

ಪ್ರಶ್ನೆಪತ್ರಿಕೆ ತೆಗೆದು ಎಣಿಸಿದೆ. ಇಪ್ಪತ್ತರಲ್ಲಿ ಹದಿಮೂರು ಲೆಕ್ಕ ಅಡಿಕೆಯವು. ಏಳು ಬೆಸ, ಆರು ಸಮ. ಈ ಸಂಖ್ಯೆ ನೋಡಿದಾಗಲೇ ನನಗೆ ಪೂರ್ತಿ ವಿಷಯ ಹೊಳೆದದ್ದು. ಅಡಿಕೆಯ ಮಾತು ಗೊತ್ತಿಲ್ಲದ ಮಗು ಬೆಸದಲ್ಲೂ ಎಡವುತ್ತದೆ, ಸಮದಲ್ಲೂ ಎಡವುತ್ತದೆ. ಎರಡೂ ಕಡೆ ಒಂದೇ ತರಹ ತಪ್ಪಿದರೆ ವ್ಯತ್ಯಾಸ ಸೊನ್ನೆ. ಅದೃಷ್ಟ ಅಳೆಯುವ ಸೂತ್ರಕ್ಕೆ ಇಂಥ ತಪ್ಪು ಕಾಣುವುದೇ ಇಲ್ಲ. ಪರೀಕ್ಷೆ ಏನನ್ನೋ ಬಹಳ ಸ್ಥಿರವಾಗಿ ಅಳೆದಿತ್ತು. ಅದು ಶೇಕಡಾ ಒಂದೇ ಆಗಿರಲಿಲ್ಲ, ಅಷ್ಟೇ.

ಸಿಂಧುತ್ವಕ್ಕೆ ಒಂದೇ ಒಂದು ಸಂಖ್ಯೆ ಇಲ್ಲ. ಸಾಕ್ಷ್ಯ ಕೂಡಿಸಬೇಕು. ನಾನು ಮೂರು ಕೆಲಸ ಮಾಡಿದೆ. ಒಂದನ್ನು ಆಗಲೇ ಹೇಳಿದೆ, ಓದಿಸಿ ಕೇಳುವುದು. ಕಡಿಮೆ ಅಂಕದವರನ್ನು ಮಾತ್ರ ಕರೆದರೆ ಸಾಲದು, ಜಾಸ್ತಿ ಅಂಕದವರನ್ನೂ ಕರೆಯಬೇಕು. ಲೆಕ್ಕ ಅರ್ಥವಾಗದೆಯೂ 'ಕಳೆದು' ಅನ್ನುವ ಪದ ಕಂಡ ಕೂಡಲೇ ಕಳೆದು ಅಂಕ ಗಿಟ್ಟಿಸಿದ ಒಬ್ಬ ಹುಡುಗ ನನಗೆ ಹಾಗೇ ಸಿಕ್ಕಿದ.

ಎರಡನೆಯದು, ಸಹೋದ್ಯೋಗಿಯ ಕೈಗೆ ಪತ್ರಿಕೆ ಕೊಟ್ಟು, ಪಾಠದ ಯಾವ ಭಾಗ ಅಂತ ಪ್ರತಿ ಪ್ರಶ್ನೆಯ ಮುಂದೆ ಬರೆಯಲು ಹೇಳಿದೆ. ನಾನು ಬಾಯಿ ಬಿಡಲಿಲ್ಲ. ಅವರು ಬರೆದದ್ದನ್ನು ನಾನು ಕಲಿಸಿದ ಪಿರಿಯಡ್‌ಗಳ ಜೊತೆ ಹೋಲಿಸಿದೆ. ರಿಯಾಯಿತಿಗೆ ಮೂರು ಪಿರಿಯಡ್ ಕೊಟ್ಟಿದ್ದೆ, ಪ್ರಶ್ನೆ ಒಂದೇ ಒಂದು. ಪರೀಕ್ಷೆಯ ನೀಲನಕ್ಷೆ ಅಂತ ನಾವು ತುಂಬಿಸಿ ಫೈಲಿಗೆ ಹಾಕುವ ಹಾಳೆ ಇರುವುದೇ ಇದಕ್ಕೆ. ಆದರೆ ಅದನ್ನು ಪ್ರಶ್ನೆ ಬರೆಯುವ ಮೊದಲು ತುಂಬಿಸಬೇಕು.

ಮೂರನೆಯದು ಹೊಸ ಪತ್ರಿಕೆ. ಅದೇ ಇಪ್ಪತ್ತು ಲೆಕ್ಕಗಳ ಜೋಡಿಗಳು. ಕಷ್ಟ ಅಷ್ಟೇ, ಕತೆ ಬೇರೆ. ಎಲ್ಲವನ್ನೂ ಮೀನಿಗೆ ತಿರುಗಿಸಲಿಲ್ಲ. ಹಾಗೆ ಮಾಡಿದ್ದರೆ ಮೀನಿನ ಪರಿಚಯವಿಲ್ಲದ ಮಕ್ಕಳಿಗೆ ಅದೇ ಅನ್ಯಾಯ. ಅಂಗಡಿ, ಬಸ್ ಟಿಕೆಟ್, ಪುಸ್ತಕ ಹೀಗೆ ಹಂಚಿದೆ, ಕೆಲವು ಬರೀ ಅಂಕಿಯಲ್ಲಿ ಕೊಟ್ಟೆ. ಬರೀ ಅಂಕಿ ಕೊಟ್ಟರೆ ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಮೇಲಿನ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ಜಾಗದಲ್ಲಿ ಆ ಮಕ್ಕಳ ಲೆಕ್ಕ ಶೇ. 98 ಸರಿ. ಅದೇ ತರಹದ ಲೆಕ್ಕವನ್ನು ಬರೀ ಅಂಕಿಯಲ್ಲಿ ಕೊಟ್ಟಾಗ ಶೇ. 37. ಅದಕ್ಕೇ ಬೆರೆಸಿ ಕೊಡುವುದು ಒಳ್ಳೆಯದು.

ಹೊಸ ಪತ್ರಿಕೆಯಲ್ಲಿ ಆ ಹತ್ತು ಮಕ್ಕಳಲ್ಲಿ ಆರು ಜನರ ಅಂಕ ಒಂದಕ್ಕಿಂತ ಹೆಚ್ಚು ಅಲುಗಲಿಲ್ಲ. ಎರಡನೇ ಸಲ ಬರೆದದ್ದರಿಂದಲೇ ಅಂಕ ಏರುವುದಾದರೆ ಇವರದ್ದೂ ಏರಬೇಕಿತ್ತಲ್ಲ? ಉಳಿದ ನಾಲ್ವರದು 3ರಿಂದ 8 ಅಂಕ ಏರಿತು. ನಾಲ್ವರ ಮನೆಯಲ್ಲೂ ಕನ್ನಡ ಮಾತಾಡುವುದಿಲ್ಲ, ತೋಟವೂ ಇಲ್ಲ. ನಮ್ಮ ಹುಡುಗಿಗೆ 13.

ವಿಶ್ವಾಸಾರ್ಹತೆ ಮತ್ತೆ ಲೆಕ್ಕ ಹಾಕಿದೆ. 0.81ಕ್ಕೆ ಇಳಿದಿತ್ತು. ಮೊದಲು ಗಾಬರಿಯಾಯಿತು, ಆಮೇಲೆ ಅಂಕಿಗಳನ್ನು ಬಿಡಿಸಿ ನೋಡಿದೆ. ಅದೃಷ್ಟದ ಪಾಲು ಮೊದಲಿನಷ್ಟೇ, 1.8. ಇಳಿದದ್ದು ಒಟ್ಟು ಅಂಕಗಳ ಹರಡಿಕೆ, 18.6ರಿಂದ 9.4ಕ್ಕೆ. ಹಳೆಯ ಪತ್ರಿಕೆ ನಾಲ್ಕು ಮಕ್ಕಳನ್ನು ಸುಮ್ನೆ ಕೆಳಗೆ ತಳ್ಳಿ ಅಂತರ ಹಿಗ್ಗಿಸಿತ್ತು, ಆ ಹಿಗ್ಗಿದ ಅಂತರವೇ 0.90 ತಂದುಕೊಟ್ಟಿತ್ತು.

ಹಳೆಯ ಪತ್ರಿಕೆಯನ್ನು ಹರಿದು ಹಾಕಿಲ್ಲ. ಶಿರಸಿಯಲ್ಲಿ ಅಡಿಕೆ ಒಣಗುವ ಅಂಗಳದಲ್ಲೇ ಬೆಳೆದ ಮಕ್ಕಳಿಗೆ ಅದು ಸರಿಯಾದ ಪತ್ರಿಕೆಯೇ ಇರಬಹುದು. ಸಿಂಧುತ್ವ ಅನ್ನುವುದು ಪತ್ರಿಕೆಗೆ ಅಂಟಿಕೊಂಡ ಗುಣವಲ್ಲ. ಯಾರಿಗೆ ಕೊಟ್ಟೆವು, ಅಂಕ ನೋಡಿ ಏನೆಂದೆವು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: 'ನಮ್ಮ ಶಾಲೆಗೂ ಎಂಟು ಮಕ್ಕಳು ಕೂಲಿಗೆ ಬಂದವರ ಮನೆಯಿಂದ ಬರ್ತಾರೆ ಮಾರಾಯ್ತಿ, ಅವರ ಅಂಕ ಬೇರೆ ತೆಗೆದು ನೋಡ್ಲಾ?'