ಲೈನ್ ಎಡಿಟಿಂಗ್, ಕಾಪಿ ಎಡಿಟಿಂಗ್, ಪ್ರೂಫ್: ಯಾವ ತಪ್ಪು ಯಾರ ಪಾಲಿಗೆ?

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಮೊದಲು ಲೈನ್ ಎಡಿಟಿಂಗ್, ಆಮೇಲೆ ಕಾಪಿ ಎಡಿಟಿಂಗ್, ಪುಟ ಕಟ್ಟಿದ ಮೇಲೆ ಪ್ರೂಫ್. ಈ ಕ್ರಮ ಬೇಗ ತಲೆಗೆ ಹೋಗುತ್ತದೆ. ನನಗೆ ತೊಡಕಾಗಿದ್ದು ಮೊದಲೆರಡರ ನಡುವಿನ ಗೆರೆ. ಅದಕ್ಕೇ ಒಂದು ವಾಕ್ಯ ಬರೆದುಕೊಂಡು ಮೂರೂ ಹಂತ ದಾಟಿಸಿ ನೋಡಿದೆ:

"1956ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಲಾಗಿದ್ದು, ಆಗ ಜನರು ಸಂಭ್ರಮವನ್ನು ಆಚರಿಸಿತು ಎಂಬುದು ಅಜ್ಜಿ ಹೇಳುತ್ತಿದ್ದ ಮಾತಾಗಿರುತ್ತದೆ."

ಲೈನ್ ಎಡಿಟಿಂಗ್. ಇಲ್ಲಿ ನೋಡುವುದು ವಾಕ್ಯದ ಓಟ. "ಹೆಸರಿಡಲಾಗಿದ್ದು", "ಮಾತಾಗಿರುತ್ತದೆ" ಎರಡೂ ಸುಮ್ನೆ ಭಾರ. ತಿದ್ದಿದ ಮೇಲೆ: "1956ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟರು. ಆಗ ಜನರು ಸಂಭ್ರಮಿಸಿತು ಎಂದು ಅಜ್ಜಿ ಹೇಳುತ್ತಿದ್ದಳು."

ಕಾಪಿ ಎಡಿಟಿಂಗ್. "ಜನರು ಸಂಭ್ರಮಿಸಿತು" ವ್ಯಾಕರಣದ ತಪ್ಪು. "ಸಂಭ್ರಮಿಸಿದರು" ಎಂದು ನೇರವಾಗಿ ತಿದ್ದಬಹುದು. ಇಸವಿಯ ಕತೆ ಬೇರೆ. 1956ರ ನವೆಂಬರ್ 1ರಂದು ಆಗಿದ್ದು ಏಕೀಕರಣ. ಆಗಲೂ ಹೆಸರು ಮೈಸೂರು ರಾಜ್ಯವೇ. ಕರ್ನಾಟಕ ಎಂಬ ಹೆಸರು ಬಂದಿದ್ದು 1973ರ ನವೆಂಬರ್ 1ರಂದು. ಹಾಗಂತ 1956 ಹೊಡೆದು 1973 ಬರೆಯುವ ಹಾಗಿಲ್ಲ. ಅಜ್ಜಿ ಕಂಡ ಸಂಭ್ರಮ ಏಕೀಕರಣದ್ದೇ ಇರಬಹುದಲ್ವಾ? ಆಗ ತಪ್ಪಿರುವುದು ಇಸವಿಯಲ್ಲಲ್ಲ, "ಹೆಸರಿಟ್ಟರು" ಎಂಬುದರಲ್ಲಿ. ಹಾಗಾಗಿ ಅಂಚಿನಲ್ಲಿ ಲೇಖಕರಿಗೆ ಪ್ರಶ್ನೆ ಬರೆಯಬೇಕು: "ಏಕೀಕರಣವೋ, ನಾಮಕರಣವೋ?"

ಇನ್ನು ನನ್ನನ್ನು ಜಾಸ್ತಿ ಕಾಡಿದ ಪದ: "ಹೇಳುತ್ತಿದ್ದಳು". "ಹೇಳುತ್ತಿದ್ದರು" ಆಗಬೇಕಾ? ವ್ಯಾಕರಣಕ್ಕೆ ಎರಡೂ ಸರಿ. ಅಜ್ಜಿಯನ್ನು ಸಲಿಗೆಯಿಂದ ಕರೆಯಬೇಕೋ ಗೌರವದಿಂದಲೋ ಎಂಬುದು ಬರಹದ ದನಿಗೆ ಸೇರಿದ್ದು. ಅದನ್ನು ಲೈನ್ ಎಡಿಟರ್ ಲೇಖಕರ ಜೊತೆ ಮಾತಾಡಿ ಗೊತ್ತುಮಾಡುತ್ತಾರೆ. ಕಾಪಿ ಎಡಿಟರ್ ಆ ತೀರ್ಮಾನವನ್ನು ಸ್ಟೈಲ್ ಶೀಟಿನಲ್ಲಿ, ಅಂದರೆ ಪುಸ್ತಕದುದ್ದಕ್ಕೂ ಪಾಲಿಸಬೇಕಾದ ತೀರ್ಮಾನಗಳ ಪಟ್ಟಿಯಲ್ಲಿ, ಬರೆದುಕೊಂಡು, ಒಂದು ಅಧ್ಯಾಯದಲ್ಲಿ "ಬಂದಳು", ಇನ್ನೊಂದರಲ್ಲಿ "ಬಂದರು" ಎಂದಾಗದಂತೆ ಕಾಯುತ್ತಾರೆ. ಗೆರೆ ಸಿಕ್ಕಿದ್ದು ಇಲ್ಲೇ. ತಿದ್ದುಪಡಿಗೆ ನಿಯಮ, ದಾಖಲೆ ಅಥವಾ ಸ್ಟೈಲ್ ಶೀಟ್ ತೋರಿಸಲು ಆಗುತ್ತದಾ? ಹಾಗಿದ್ದರೆ ಕಾಪಿ ಎಡಿಟಿಂಗ್. ಕಿವಿಗೆ ಹಿತ ಅನ್ನುವುದಷ್ಟೇ ಕಾರಣವಾದರೆ ಲೈನ್ ಎಡಿಟಿಂಗ್.

ಪ್ರೂಫ್. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಬಿದ್ದುಹೋಗಿ "ಕನಾಟಕ" ಆಗಿರಬಹುದು. ಪರಿವಿಡಿಯ ಪುಟಸಂಖ್ಯೆ ತಪ್ಪಿರಬಹುದು. ಹಿಂದೆ ಒಪ್ಪಿದ ತಿದ್ದುಪಡಿ ಪುಟಕ್ಕೆ ಬಂದೇ ಇರದಿರಬಹುದು. ಇವು ಪ್ರೂಫ್ ನೋಡುವವರ ಪಾಲು. ಈ ಹಂತದಲ್ಲಿ ವಾಕ್ಯ ಚಂದ ಮಾಡಲು ಹೋದರೆ ಒಂದು ಸಾಲು ಹೆಚ್ಚಾಗಿ ಮುಂದಿನ ಪುಟಕ್ಕೆ ಜಾರಬಹುದು. ಅಲ್ಲಿಂದ ಮುಂದೆ ಪರಿವಿಡಿ, ಪದಸೂಚಿ ಎಲ್ಲವನ್ನೂ ಮತ್ತೆ ನೋಡಬೇಕು. ಇಸವಿಯಂಥ ತಪ್ಪು ಇಲ್ಲಿಯವರೆಗೂ ಉಳಿದಿದ್ದರೆ ಮಾತ್ರ ಬಿಡಬಾರದು, ಗುರುತು ಹಾಕಿ ಕೇಳಲೇಬೇಕು. 1956 ಹೋಗಿ 1973 ಬಂದರೆ ಸಾಲು ಅಲುಗುವುದಿಲ್ಲ. "ಹೆಸರಿಟ್ಟರು" ಬದಲಾಗುವುದಾದರೆ ಹೊಸ ಮಾತು ಅದೇ ಸಾಲಿನಲ್ಲಿ ಹಿಡಿಸುತ್ತದಾ ಎಂದು ನೋಡಿಕೊಳ್ಳಬೇಕು.