ತಬಲಾದ ಬೋಲ್: ‘ತಾ’ ಯಾವಾಗ ‘ಧಾ’ ಆಗುತ್ತದೆ?

ತಬಲಾದ ಪೆಟ್ಟುಗಳನ್ನು ಬಾಯಲ್ಲಿ ಹೇಳಲು ಇಟ್ಟುಕೊಂಡ ಅಕ್ಷರಗಳೇ ಬೋಲ್. ಹಿಂದಿಯ ‘ಬೋಲ್ನಾ’, ಅಂದರೆ ಮಾತಾಡು, ಎಂಬುದರಿಂದ ಬಂದ ಪದ. ಈ ಅಕ್ಷರಗಳನ್ನು ಮನಸ್ಸಿಗೆ ತೋಚಿದಂತೆ ಆರಿಸಿದ್ದಲ್ಲ ಎಂಬುದು ಕನ್ನಡ ವರ್ಣಮಾಲೆ ಕಲಿತವರಿಗೆ ಬೇಗ ಹೊಳೆಯುತ್ತದೆ.

ತಬಲಾ ಜೋಡಿಯಲ್ಲಿ ಬಲಗೈಯದು ಮರದ್ದು, ಶ್ರುತಿಗೆ ಕೂಡಿಸಿದ್ದು. ಎಡಗೈಯದು ಲೋಹದ ಡಗ್ಗಾ, ತಗ್ಗಿನ ದನಿಯದು. ಬಲಗೈಯ ಉಂಗುರ ಬೆರಳನ್ನು ನಡುವಿನ ಕಪ್ಪು ಶಾಯಿಯ ಅಂಚಿಗೆ ಹಗುರಾಗಿ ತಾಗಿಸಿಟ್ಟು, ತೋರುಬೆರಳಿನಿಂದ ಹೊರ ಅಂಚಿನ ಕಿನಾರಿಗೆ ಹೊಡೆದರೆ ‘ತಾ’. ಇದನ್ನೇ ‘ನಾ’ ಎಂದೂ ಹೇಳುತ್ತಾರೆ. ಉಂಗುರ ಬೆರಳು ಅಲ್ಲೇ ಇರಲಿ, ತೋರುಬೆರಳು ಸ್ವಲ್ಪ ಒಳಗೆ, ಶಾಯಿಗೂ ಕಿನಾರಿಗೂ ನಡುವೆ ಮೆತ್ತಗೆ ಬಿದ್ದರೆ ‘ತಿನ್’. ಎಡಗೈಯಲ್ಲಿ ಡಗ್ಗಾದ ಮೇಲೆ ಅಂಗೈ ಚಪ್ಪಟೆಯಾಗಿ ಬಿದ್ದು ದನಿ ಅಲ್ಲೇ ಸತ್ತರೆ ‘ಕೆ’. ಬೆರಳ ತುದಿ ಹೊಡೆದು ಪುಟಿದು, ಗುಂಯ್ ಎಂದು ಉಳಿದರೆ ‘ಗೆ’.

ಈಗ ಎರಡೂ ಕೈ ಕೂಡಿಸಿ. ‘ತಾ’ ಜೊತೆಗೆ ‘ಗೆ’ ಬಿದ್ದರೆ ‘ಧಾ’. ‘ತಿನ್’ ಜೊತೆಗೆ ‘ಗೆ’ ಬಿದ್ದರೆ ‘ಧಿನ್’. ಅಂದರೆ ಡಗ್ಗಾ ಮೊಳಗಿದಾಗ ತಕಾರ ಹೋಗಿ ಧಕಾರ ಬರುತ್ತದೆ, ಮೊಳಗದಾಗ ಕ, ಮೊಳಗಿದಾಗ ಗ. ವ್ಯಾಕರಣದಲ್ಲಿ ಅಘೋಷ, ಘೋಷ ಎಂದು ಓದಿದ್ದು ಇದೇ: ಗಂಟಲು ನಡುಗಿದರೆ ಡಗ್ಗಾ ನಡುಗಿದೆ ಎಂದರ್ಥ. (‘ನಾ’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಘೋಷವಾದರೂ ಬಲಗೈ ಒಂದರದ್ದೇ.) ನಮ್ಮಲ್ಲಿ ಎಷ್ಟೋ ಮಂದಿ ಮಾತಿನಲ್ಲಿ ಮಹಾಪ್ರಾಣ ನುಂಗುತ್ತಾರೆ, ‘ಧಾ’ವನ್ನು ‘ದಾ’ ಎಂದರೂ ಡಗ್ಗಾ ಉಳಿಯುತ್ತದೆ, ‘ತಾ’ ಎಂದರೆ ಹೋಗುತ್ತದೆ.

ಠೇಕಾ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಒಂದು ತಾಳವನ್ನು ಗುರುತಿಸಲು ಸುತ್ತಿ ಸುತ್ತಿ ನುಡಿಸುವ ಗೊತ್ತಾದ ಬೋಲ್‌ಗಳ ಸಾಲೇ ಠೇಕಾ. 16 ಮಾತ್ರೆಯ ತೀನ್ ತಾಲದ್ದು ಹೀಗಿದೆ:

ಧಾ ಧಿನ್ ಧಿನ್ ಧಾ |
ಧಾ ಧಿನ್ ಧಿನ್ ಧಾ |
ಧಾ ತಿನ್ ತಿನ್ ತಾ |
ತಾ ಧಿನ್ ಧಿನ್ ಧಾ |

1, 5, 13ನೇ ಮಾತ್ರೆಗಳಿಗೆ ಚಪ್ಪಾಳೆ, 9ಕ್ಕೆ ಕೈ ಬೀಸು, ಅದೇ ಖಾಲಿ. 1ನೇ ಮಾತ್ರೆ ಸಮ್. ಬಲಗೈಯನ್ನಷ್ಟೇ ಕೇಳಿದರೆ ನಾಲ್ಕೂ ಸಾಲು ಒಂದೇ: ತಾ ತಿನ್ ತಿನ್ ತಾ. ಸುತ್ತಿನಲ್ಲಿ ಎಲ್ಲಿದ್ದೇವೆ ಎಂದು ಹೇಳುವುದು ಡಗ್ಗಾ, ಅದೂ ಸುಮ್ಮನಾಗುವ ಮೂಲಕ. ತಮಾಷೆಯೆಂದರೆ ಖಾಲಿಗೆ ಕೈ ಬೀಸುವ 9ರಲ್ಲಿ ಡಗ್ಗಾ ಇನ್ನೂ ಮೊಳಗುತ್ತಿರುತ್ತದೆ. ಅದು ನಿಲ್ಲುವುದು 10ರಲ್ಲಿ. ಚಪ್ಪಾಳೆ ಬೀಳುವ 13ರಲ್ಲೂ ಮೌನ, ಮರಳುವುದು 14ಕ್ಕೆ. ಮೌನ ಹೀಗೆ ಒಂದು ಮಾತ್ರೆ ಸರಿದು ಕೂತಿದೆ. (9ನ್ನೂ ‘ನಾ’ ಎಂದು ನುಡಿಸುವ ಪಾಠವೂ ಇದೆ.) ಕೇಳುಗರಿಗೆ ಇದರಿಂದ ಒಂದು ಉಪಾಯ ಸಿಗುತ್ತದೆ: ಡಗ್ಗಾ ಮರಳಿದ ಮೇಲೆ ‘ಧಿನ್ ಧಿನ್ ಧಾ’ ಎಂದು ಮೂರು ಎಣಿಸಿ, ಮುಂದಿನದೇ ಸಮ್.

ಹೊಸಬರು ಎಡವುವುದೂ ಇಲ್ಲೇ. 13ರಲ್ಲಿ ‘ತಾ’ ಇರಬೇಕಾದೆಡೆ ಚಪ್ಪಾಳೆಯ ಸೆಳೆತಕ್ಕೆ ಎಡಗೈ ತಾನಾಗಿ ಬಿದ್ದು ‘ಧಾ’ ಆಗಿಬಿಡುತ್ತದೆ. ಕೈಗೆ ಮೊದಲು ಬಾಯಲ್ಲಿ ಚಪ್ಪಾಳೆ ಹಾಕುತ್ತ ಹೇಳಿಸುವುದು, ಅಂದರೆ ಪಢಂತ್, ಇದಕ್ಕೇ. ಇನ್ನೊಂದು ತೊಂದರೆ ‘ಧಾ’ ಒಡೆಯುವುದು. ಎರಡು ಕೈ ಕೂದಲೆಳೆ ಹಿಂದುಮುಂದಾದರೂ ‘ಗ-ನಾ’ ಎಂದು ಎರಡು ಸದ್ದು ಬರುತ್ತದೆ. ನುಡಿಸುವವರಿಗೆ ಅದು ತಿಳಿಯದು, ಫೋನಿನಲ್ಲಿ ಮುದ್ರಿಸಿಕೊಂಡು ಕೇಳಿದರೆ ನಾಚಿಕೆಯಾಗುವಷ್ಟು ತಿಳಿಯುತ್ತದೆ. ‘ತಾ’ ಟಕ್ ಎಂದು ಸತ್ತರೆ ಉಂಗುರ ಬೆರಳು ಜಾಸ್ತಿ ಒತ್ತಿದೆ ಎಂದು ತಿಳಿಯಬೇಕು.

ಮೃದಂಗ ಕೇಳಿ ಬೆಳೆದವರಿಗೆ ಈ ಠೇಕಾ ಹೊಸದು. ಕರ್ನಾಟಕ ಸಂಗೀತದಲ್ಲಿ ತಾಳವನ್ನು ಕೈಯ ಕ್ರಿಯೆಯೇ ಹಿಡಿದಿಡುತ್ತದೆ. ಮೃದಂಗದವರು ಗೊತ್ತಾದ ಸಾಲೊಂದನ್ನು ಸುತ್ತುತ್ತಿರಬೇಕಿಲ್ಲ. ಹಿಂದೂಸ್ತಾನಿಯಲ್ಲಿ ಹಾಡುವವರು ಸಾಮಾನ್ಯವಾಗಿ ತಾಳ ಹಾಕುವುದಿಲ್ಲ, ಠೇಕಾ ಕೇಳಿ ಸಮ್ ಹಿಡಿಯುತ್ತಾರೆ. ತಬಲಾದವರು 10ರಲ್ಲಿ ಡಗ್ಗಾ ಬಿಡದಿದ್ದರೆ ಹಾಡುವವರ ದಾರಿಯೇ ತಪ್ಪುತ್ತದೆ.

ಆದರೆ ಡಗ್ಗಾ ಬಂದಲ್ಲೆಲ್ಲ ಸಮ್ ಎಂದು ನಂಬಿ ಕೂರುವಂತಿಲ್ಲ. 7 ಮಾತ್ರೆಯ ರೂಪಕ್ ಹೀಗಿದೆ: ತಿನ್ ತಿನ್ ನಾ | ಧಿನ್ ನಾ | ಧಿನ್ ನಾ. ಇಲ್ಲಿ ಸಮ್ಮೇ ಖಾಲಿ. ತೀನ್ ತಾಲಕ್ಕೆ ಒಗ್ಗಿದ ಕಿವಿ ಡಗ್ಗಾ ಕೇಳಿದೊಡನೆ ತಲೆದೂಗಿದರೆ, ಅದು ತಲೆದೂಗಿದ್ದು 4ನೇ ಮಾತ್ರೆಗೆ.