ಮುಂದಿನ ಯುಎಸ್‌ಬಿ ಸತ್ತಿದೆಯೇ? ಮತ್ತೆ, ನೀಲಿ ಬಣ್ಣವನ್ನು ನಂಬಬಹುದೇ?

"ಕ್ಯಾಬಿನೆಟ್‌ನ ಮುಂದಿರುವ ಎರಡು ಯುಎಸ್‌ಬಿ ಪೋರ್ಟ್ ಕೆಲಸ ಮಾಡುತ್ತಿಲ್ಲ. ಹಿಂದಿನವು ಸರಿ ಇವೆ. ಡ್ರೈವರ್ ಹಾಕಬೇಕಾ? ಮುಂದಿನದು ನೀಲಿ ಪೋರ್ಟ್ ಅಲ್ವಾ, ಅದಕ್ಕೆ ಬೇರೆ ಡ್ರೈವರ್ ಬೇಕಂತೆ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸಬಹುದು.

ಹಿಂದಿನ ಪೋರ್ಟ್ ಕೆಲಸ ಮಾಡುತ್ತಿದ್ದರೆ ಡ್ರೈವರ್ ಗೊಡವೆಗೆ ಹೋಗಬೇಡಿ. ಹಿಂದಿನ ಪೋರ್ಟ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಂದಿನವು ಕ್ಯಾಬಿನೆಟ್‌ಗೆ ಸೇರಿದವು. ಅವುಗಳಿಂದ ಒಂದು ಕೇಬಲ್ ಒಳಗೆ ಹೋಗಿ, ಮದರ್‌ಬೋರ್ಡಿನ ಹೆಡರ್ ಎಂಬ ಪಿನ್ನುಗಳ ಗುಂಪಿಗೆ ಕೂರುತ್ತದೆ. ಹೊಸ ರ‍್ಯಾಮ್ ಹಾಕಿಸಿದ ಮೇಲೆ, ಧೂಳು ತೆಗೆಸಿದ ಮೇಲೆ ಮುಂದಿನ ಪೋರ್ಟ್ ಸತ್ತಿತು ಎಂದು ಬರೆಯುತ್ತೀರಲ್ಲ, ಆ ಕೇಬಲ್ ಕಳಚಿರುತ್ತದೆ, ಇಲ್ಲವೇ ವಾರೆಯಾಗಿ ಕೂತಿರುತ್ತದೆ.

ಡಬ್ಬ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಪೋರ್ಟಿಗೆ ಫೋನ್ ಚಾರ್ಜಿಂಗ್ ಕೇಬಲ್ ಚುಚ್ಚಿ. ಚಾರ್ಜ್ ಆಗದಿದ್ದರೆ 5 ವೋಲ್ಟೇ ಬರುತ್ತಿಲ್ಲ, ಅಂದರೆ ಹೆಚ್ಚಾಗಿ ಕೇಬಲ್ ಕಳಚಿದೆ. ಚಾರ್ಜ್ ಆಗುತ್ತಿದೆ, ಆದರೆ ಪೆನ್‌ಡ್ರೈವ್ ಕಾಣುತ್ತಿಲ್ಲ ಎಂದರೆ ಡೇಟಾ ಹೋಗುವ ಪಿನ್ನು ಅಥವಾ ತಂತಿಯಲ್ಲಿ ತೊಂದರೆ. ಎರಡು ಪೋರ್ಟ್‌ಗಳಲ್ಲಿ ಒಂದು ಮಾತ್ರ ಸತ್ತಿದ್ದರೆ ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿರುವ ಪ್ಲಾಸ್ಟಿಕ್ ನಾಲಿಗೆ ಮುರಿದು, ಲೋಹದ ಪಟ್ಟಿಗಳು ಒಂದಕ್ಕೊಂದು ತಾಗುತ್ತಿದ್ದರೆ ಅದಕ್ಕೆ ಏನನ್ನೂ ಚುಚ್ಚಬೇಡಿ. ಶಾರ್ಟ್ ಆದರೆ ಕಂಪ್ಯೂಟರ್ ತಾನಾಗೇ ಆಫ್ ಆಗಬಹುದು.

ಬಿಚ್ಚಿದ ಮೇಲೆ ಎರಡು ಬಗೆಯ ಹೆಡರ್ ಸಿಗುತ್ತವೆ. ಯುಎಸ್‌ಬಿ 2.0 ಹೆಡರ್ ಚಿಕ್ಕದು. ಎರಡು ಸಾಲು, ಒಂದರಲ್ಲಿ 5, ಇನ್ನೊಂದರಲ್ಲಿ 4, ಒಟ್ಟು 9 ಪಿನ್ನು. ಯುಎಸ್‌ಬಿ 3.0 ಹೆಡರ್ ದೊಡ್ಡದು, ಸುತ್ತ ಪ್ಲಾಸ್ಟಿಕ್ ಗೋಡೆ, 19 ಪಿನ್ನು. ಮುಂದಿನ ಹೆಡ್‌ಫೋನ್ ಹೆಡರ್‌ನಲ್ಲೂ 9 ಪಿನ್ನೇ ಇರುತ್ತವೆ, ಆದರೆ ಯುಎಸ್‌ಬಿ 2.0 ಹೆಡರ್‌ನಂತೆ ಖಾಲಿ ಜಾಗ ತುದಿಯಲ್ಲಿಲ್ಲ, ತುದಿಯಿಂದ ಒಂದು ಪಿನ್ನಿನಷ್ಟು ಒಳಗಿದೆ. ಹಾಗಾಗಿ ಪ್ಲಗ್ ಕೂರದಿದ್ದರೆ ಒತ್ತಬೇಡಿ, ಜಾಗವೇ ತಪ್ಪಿರಬಹುದು.

ಈಗ ನೀಲಿ ಬಣ್ಣದ ವಿಷಯ. ಇದು ಎಷ್ಟು ಹೇಳಿದರೂ ಹೋಗದ ನಂಬಿಕೆ: "ನೀಲಿ ಎಂದರೆ 3.0, ಫಾಸ್ಟ್. ಕಪ್ಪು ಎಂದರೆ 2.0, ಸ್ಲೋ."

ಕ್ಯಾಬಿನೆಟ್ ಮುಂದಿನ ನೀಲಿ ಬಣ್ಣ ಪೋರ್ಟಿನೊಳಗಿನ ಪ್ಲಾಸ್ಟಿಕ್ಕಿನ ಬಣ್ಣ, ಅಷ್ಟೇ. ಅದನ್ನು ಹಾಕಿದವರು ಕ್ಯಾಬಿನೆಟ್ ಮಾಡಿದವರು. ಅವರಿಗೆ ನಿಮ್ಮ ಮದರ್‌ಬೋರ್ಡ್ ಯಾವುದೆಂದು ಗೊತ್ತಿರಲು ಸಾಧ್ಯವೇ ಇಲ್ಲ. ವೇಗ ಎಷ್ಟೆಂಬುದು ಒಳಗೆ ಕೇಬಲ್ ಯಾವ ಹೆಡರ್‌ಗೆ ಕೂತಿದೆ ಎಂಬುದರ ಮೇಲೆ ನಿಂತಿದೆ.

ಪರಿಚಯದವರೊಬ್ಬರು ಮದುವೆ ವಿಡಿಯೋ ಎಡಿಟ್ ಮಾಡುತ್ತಾರೆ. ಅವರ ಕ್ಯಾಬಿನೆಟ್ ಮುಂದೆ ಎರಡು ನೀಲಿ ಪೋರ್ಟ್. ಹೊರಗಿನ ಎಸ್‌ಎಸ್‌ಡಿಯಿಂದ 60 ಜಿಬಿ ಫೂಟೇಜ್ ಒಳಗೆ ಹಾಕಿಕೊಳ್ಳಲು ಹತ್ತಿರ ಹತ್ತಿರ ಅರ್ಧ ಗಂಟೆ. "ಎಸ್‌ಎಸ್‌ಡಿ ಹಾಳಾಗಿದೆ, ಹೊಸದು ತಗೋಬೇಕು" ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಕಾಪಿ ಆಗುವಾಗ ಕಾಣುವ ಅಂಕಿ ಓದಿ ಎಂದೆ. ಸೆಕೆಂಡಿಗೆ 38 ಎಂಬಿ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅದರಲ್ಲಿ ಕೈಗೆ ಸಿಗುವುದು ಸುಮಾರು 35-40 ಎಂಬಿ. ಅಂಕಿ ಅಲ್ಲಿಗೇ ಬಂದು ನಿಂತಿದ್ದರೆ ಡಿಸ್ಕ್‌ಗಿಂತ ಮೊದಲು ದಾರಿಯನ್ನು ಅನುಮಾನಿಸಬೇಕು.

ಬಿಚ್ಚಿ ನೋಡಿದೆವು. ಕ್ಯಾಬಿನೆಟ್‌ನ ದೊಡ್ಡ 19 ಪಿನ್ನಿನ ಪ್ಲಗ್‌ಗೆ ಒಂದು ಚಿಕ್ಕ ಅಡಾಪ್ಟರ್ ಸಿಕ್ಕಿಸಿ, 9 ಪಿನ್ನಿನ 2.0 ಹೆಡರ್‌ಗೆ ಹಾಕಿದ್ದರು. ಪಕ್ಕದಲ್ಲೇ 3.0 ಹೆಡರ್ ಖಾಲಿ! ಫೋನ್ ಟಾರ್ಚ್ ಬಿಟ್ಟಾಗ ಕಾರಣ ಗೊತ್ತಾಯಿತು. ಒಂದು ಪಿನ್ನು ಪಕ್ಕಕ್ಕೆ ಬಾಗಿತ್ತು. ಆ ಪ್ಲಗ್ ತುಂಬ ಬಿಗಿ, ಕೇಬಲ್ ಹಿಡಿದು ವಾರೆಯಾಗಿ ಎಳೆದರೆ ಪಿನ್ನು ಬಾಗುತ್ತದೆ, ಕೆಲವೊಮ್ಮೆ ಪ್ಲಾಸ್ಟಿಕ್ ಗೋಡೆಯೇ ಕಿತ್ತು ಬರುತ್ತದೆ. ಕರೆಂಟ್ ವೈರ್ ತೆಗೆದು, ದಪ್ಪ ಸೂಜಿಯಿಂದ ಪಿನ್ನನ್ನು ಒಂದೇ ಸಲಕ್ಕೆ, ನಿಧಾನವಾಗಿ ನೆಟ್ಟಗೆ ಮಾಡಿದೆ. ಹಿಂದೆ ಮುಂದೆ ಆಡಿಸಿದ್ದರೆ ಮುರಿಯುತ್ತಿತ್ತು. ಅಡಾಪ್ಟರ್ ತೆಗೆದು ಪ್ಲಗ್ಗನ್ನು ನೇರವಾಗಿ ಕೂರಿಸಿದೆ. ಅದೇ ಎಸ್‌ಎಸ್‌ಡಿ, ಅದೇ ನೀಲಿ ಪೋರ್ಟ್, ಈಗ ಸೆಕೆಂಡಿಗೆ 400 ಎಂಬಿ. ಅರ್ಧ ಗಂಟೆಯ ಕೆಲಸ ಎರಡೂವರೆ ನಿಮಿಷಕ್ಕೆ ಮುಗಿಯಿತು. ಬಣ್ಣ ಮೊದಲೂ ನೀಲಿಯೇ ಇತ್ತು, ಆಮೇಲೂ ನೀಲಿಯೇ.

"ಹಿಂದಿನ ಪೋರ್ಟ್‌ಗಳಿಗಾದರೂ ಬಣ್ಣ ನಂಬಬಹುದಲ್ವಾ?" ಸ್ವಲ್ಪ ಮಟ್ಟಿಗೆ. 2008ರಲ್ಲಿ 3.0 ಬಂದಾಗ ನೀಲಿ ಬಣ್ಣ ಬಳಸಿ ಎಂದು ಶಿಫಾರಸು ಮಾಡಿದರು, ಕಡ್ಡಾಯ ಮಾಡಲಿಲ್ಲ. ಅದಕ್ಕೇ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕಪ್ಪು ಪೋರ್ಟೇ 3.0. ಕೆಂಪು ಒಂದು ಕಂಪನಿಗೆ 10 ಗಿಗಾಬಿಟ್, ಇನ್ನೊಂದಕ್ಕೆ ಕಂಪ್ಯೂಟರ್ ಆಫ್ ಇದ್ದಾಗಲೂ ಚಾರ್ಜ್ ಮಾಡುವ ಪೋರ್ಟ್. ಟೈಪ್-ಸಿಯಲ್ಲಂತೂ ಬಣ್ಣದ ಗುರುತೇ ನಡೆಯುವುದಿಲ್ಲ. ಖಚಿತವಾಗಿ ತಿಳಿಯಬೇಕಾದರೆ ಮದರ್‌ಬೋರ್ಡಿನ ಕೈಪಿಡಿ ನೋಡಿ. ಲಿನಕ್ಸ್ ಇದ್ದರೆ ಡಿಸ್ಕ್ ಚುಚ್ಚಿ ಹೀಗೆ ಕೇಳಿ:

```
lsusb -t
```

ನಿಮ್ಮ ಡಿಸ್ಕಿನ ಸಾಲಿನ ಕೊನೆಯಲ್ಲಿ `480M` ಇದ್ದರೆ ಅದು 2.0 ವೇಗದಲ್ಲಿದೆ, `5000M` ಇದ್ದರೆ 3.0. ಪರೀಕ್ಷೆಗೆ ಅಗ್ಗದ ಪೆನ್‌ಡ್ರೈವ್ ಬೇಡ, ಅದರ ಸ್ವಂತ ವೇಗವೇ ಕಡಿಮೆ ಇರುತ್ತದೆ. ಡಿಸ್ಕಿನ ಪ್ಲಗ್ಗನ್ನು ಒಂದೇ ಸಲಕ್ಕೆ ಪೂರ್ತಿ ಪೋರ್ಟಿನ ಒಳಗೆ ತಳ್ಳಿ. 3.0 ಪ್ಲಗ್‌ನಲ್ಲಿ 2.0 ಪಟ್ಟಿಗಳು ಮೊದಲು ತಾಗುತ್ತವೆ, ನಿಧಾನವಾಗಿ ಚುಚ್ಚಿದರೆ ಕೆಲವು ಡಿಸ್ಕ್‌ಗಳು 2.0 ಆಗಿಯೇ ಉಳಿದುಬಿಡುತ್ತವೆ.

ಒಂದೇ ಪೋರ್ಟಿನಲ್ಲಿ ಎರಡು ದಾರಿ ಇವೆ ಎಂಬುದನ್ನು ಗಮನಿಸಿ. 2.0ಕ್ಕೆ ಬೇರೆ ಪಿನ್ನು, 3.0ಕ್ಕೆ ಬೇರೆ. 3.0ದ ಪಿನ್ನು ಬಾಗಿದ್ದರೆ ಎಲ್ಲವೂ ನಡೆಯುತ್ತದೆ, ಆದರೆ ನಿಧಾನ. 2.0ರ ಪಿನ್ನು ಬಾಗಿದ್ದರೆ ಎಸ್‌ಎಸ್‌ಡಿ ಸಿಗಬಹುದು, ಮೌಸ್ ಸಿಗುವುದಿಲ್ಲ. "ಡಿಸ್ಕ್ ಬರುತ್ತೆ, ಮೌಸ್ ಬರಲ್ಲ" ಎಂದು ಬರೆದವರೆಲ್ಲ ಮೊದಲು ಹೆಡರ್ ನೋಡಿ.

ಮೌಸ್ ಎಂದಾಗ ನೆನಪಾಯಿತು, ಇದನ್ನು ಯಾರೂ ಕೇಳುವುದಿಲ್ಲ. ವೈರ್‌ಲೆಸ್ ಮೌಸ್ ಆಗಾಗ ತಡವರಿಸುತ್ತಿದೆಯೇ, ಅದೂ ಹೊರಗಿನ ಡಿಸ್ಕ್‌ನಿಂದ ಕಾಪಿ ಮಾಡುವಾಗ? 3.0 ಕೆಲಸ ಮಾಡುವಾಗ ಹೊರಡುವ ರೇಡಿಯೋ ಸದ್ದು 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ, ಆ ಪುಟ್ಟ ರಿಸೀವರ್ ಕೇಳಿಸಿಕೊಳ್ಳುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿದೆ. ಮೌಸ್‌ಗೆ 3.0 ವೇಗದಿಂದ ಏನೂ ಲಾಭವಿಲ್ಲ. ರಿಸೀವರನ್ನು ಡಿಸ್ಕಿನ ಪಕ್ಕದಿಂದ ತೆಗೆದು ದೂರದ 2.0 ಪೋರ್ಟಿಗೆ ಹಾಕಿ. ಇಲ್ಲವೇ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲೆ, ಮೌಸಿನ ಹತ್ತಿರಕ್ಕೆ ತನ್ನಿ.